ಕಡ್ಡಿಯಿಂದ ನಿಂತ ಟ್ಯಾಂಕ್ ಸ್ಟ್ಯಾಂಡ್: ನನ್ನ ಅನುಭವ

ಕೊಡಗಿನ ಮಾದಾಪುರ ಕಡೆಯ ಒಂದು ತೋಟದ ಮನೆಯಲ್ಲಿ ಅಲ್ಲಾಡುತ್ತಿದ್ದ ಟ್ಯಾಂಕ್ ಸ್ಟ್ಯಾಂಡನ್ನು, ಕಾಲು ಬದಲಿಸದೆ, ಮುಖ್ಯವಾಗಿ 12 ಎಂಎಂ ಸರಳು ಕಟ್ಟಿ ನಿಲ್ಲಿಸಿದೆ. ಎರಡು ಮಳೆಗಾಲ ಕಳೆಯಿತು, ಗಟ್ಟಿಯಾಗಿದೆ. ಆಗ "ಈ ಕಡ್ಡಿ ಏನು ತಡೆಯುತ್ತೆ ಅಣ್ಣ? ಕಾಲು ದಪ್ಪ ಮಾಡಿ" ಎಂದು ನಕ್ಕವರೇ ಈಗ ಅಳತೆ ಕೇಳಿ ಫೋನ್ ಮಾಡುತ್ತಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಯಿತು, ಅದಕ್ಕೇ ಬರೆಯುತ್ತಿದ್ದೇನೆ.

ಸ್ಟ್ಯಾಂಡ್ 18 ಅಡಿ ಎತ್ತರ, ಕಾಲುಗಳ ನಡುವೆ 5 ಅಡಿ. ನಾಲ್ಕು ಕಾಲೂ 50 ಎಂಎಂ ಆಂಗಲ್, 6 ಎಂಎಂ ದಪ್ಪ. ಮಧ್ಯದಲ್ಲಿ ಒಂದೇ ಒಂದು ಸುತ್ತು ಅಡ್ಡಪಟ್ಟಿ. ಮೂಲೆಯಿಂದ ಮೂಲೆಗೆ ಓರೆಯಾಗಿ ಕಟ್ಟುವ ಕ್ರಾಸ್ ಎಲ್ಲೂ ಇಲ್ಲ. ಮೇಲೆ 2000 ಲೀಟರ್ ಟ್ಯಾಂಕ್. ಅಂದರೆ ನೀರೇ ಎರಡು ಟನ್. ಟ್ಯಾಂಕು, ಮೇಲಿನ ಅಟ್ಟ ಎಲ್ಲ ಸೇರಿ ಎರಡೂಕಾಲು ಟನ್ ಹಿಡಿಯಿರಿ. ಒಂದು ಕಾಲಿಗೆ ಹೆಚ್ಚೆಂದರೆ 600 ಕೆಜಿ.

600 ಕೆಜಿ ಆ ಆಂಗಲ್‌ಗೆ ಒಂದು ಭಾರವೇ ಅಲ್ಲ. ಗಿಡ್ಡ ತುಂಡು ನಿಲ್ಲಿಸಿ ಒತ್ತಿದರೆ ಹತ್ತು ಟನ್‌ಗೂ ಜಗ್ಗುವುದಿಲ್ಲ. ಆದರೆ ಅದೇ ಆಂಗಲ್ 18 ಅಡಿ ಉದ್ದಕ್ಕೆ ನಡುವೆ ಹಿಡಿತವಿಲ್ಲದೆ ನಿಂತರೆ, ಲೆಕ್ಕದಲ್ಲಿ 350 ಕೆಜಿ ಹತ್ತಿರವೇ ಬಳುಕಿಬಿಡುತ್ತದೆ. ಹಿಡಿತ ಇಲ್ಲದ ಉದ್ದವನ್ನು ಅರ್ಧ ಮಾಡಿದರೆ ತಾಕತ್ತು ನಾಲ್ಕು ಪಟ್ಟು. ನಾಲ್ಕನೇ ಒಂದು ಭಾಗ ಮಾಡಿದರೆ ಹದಿನಾರು ಪಟ್ಟು. ಕಬ್ಬಿಣ ಅದೇ, ಕಾಲು ಅದೇ. ಹಾಗಿದ್ದ ಮೇಲೆ ದಪ್ಪ ಕಾಲಿಗೆ ದುಡ್ಡು ಯಾಕೆ ಸುರಿಯಬೇಕು?

"ಮಧ್ಯದಲ್ಲಿ ಸುತ್ತು ಇತ್ತಲ್ಲ, ಅದು ಹಿಡಿತ ಅಲ್ವಾ?" ಎಂದು ನನ್ನ ಜೊತೆಯ ವೆಲ್ಡರ್ ಕೇಳಿದ. ಅಲ್ಲ. ಆ ಸುತ್ತು ನಾಲ್ಕು ಕಾಲನ್ನು ಒಂದಕ್ಕೊಂದು ಕಟ್ಟುತ್ತದೆ, ಅಷ್ಟೇ. ಸ್ಟ್ಯಾಂಡ್ ವಾಲಿದಾಗ ಸುತ್ತೂ ಕಾಲುಗಳ ಜೊತೆಗೇ ಪಕ್ಕಕ್ಕೆ ಹೋಗುತ್ತದೆ. ಚೌಕ ಓರೆಯಾಗುವುದನ್ನು ತಡೆಯುವುದು ಕ್ರಾಸ್ ಮಾತ್ರ. ಅಲ್ಲಿವರೆಗೆ ಇಡೀ ಸ್ಟ್ಯಾಂಡ್ ಬೆಸುಗೆಯ ಬಿಗಿ ನಂಬಿಕೊಂಡೇ ನಿಂತಿತ್ತು. ಟ್ಯಾಂಕ್ ತುಂಬಿದಷ್ಟೂ ಅಲ್ಲಾಟ ಜಾಸ್ತಿ ಆಗುತ್ತಿದ್ದದ್ದೂ ಇದಕ್ಕೇ. ಸ್ವಲ್ಪ ವಾಲಿದರೆ ಸಾಕು, ಮೇಲಿನ ಎರಡು ಟನ್ನೇ ಇನ್ನಷ್ಟು ತಳ್ಳುತ್ತದೆ.

ನಮಗಿಂತ ಮೊದಲು ಬಂದವರೊಬ್ಬರು ಹಳೆಯದನ್ನು ಕಿತ್ತು 4 ಇಂಚಿನ ಪೈಪಿನಲ್ಲಿ ಹೊಸತು ಮಾಡಲು 70 ಸಾವಿರ ಚಿಲ್ಲರೆ ಹೇಳಿದ್ದರಂತೆ. ಅದರಲ್ಲೂ ಕ್ರಾಸ್ ಇರಲಿಲ್ಲ! ಇನ್ನೊಬ್ಬರ ಸಲಹೆ, ಪೈಪಿನೊಳಗೆ ಕಾಂಕ್ರೀಟ್ ತುಂಬಿಸಿ ಎಂದು. ಅದನ್ನು ಬೇರೆ ಕಡೆ ನೋಡಿದ್ದೇನೆ. ಅಲ್ಲಾಟ ಹೆಚ್ಚೇನೂ ಕಡಿಮೆಯಾಗಿರಲಿಲ್ಲ, ತೂಕ ಮಾತ್ರ ಏರಿತ್ತು.

ಮೊದಲು ಸುಮ್ನೆ ಪರೀಕ್ಷೆಗೆ ಜಿಐ ತಂತಿಯನ್ನು ಎರಡು ಮಡಿಕೆ ಮಾಡಿ ಹುರಿ ಹಾಕಿ ಕಟ್ಟಿದೆವು. ಆವತ್ತು ಚೆನ್ನಾಗಿತ್ತು, ತಿಂಗಳೊಳಗೆ ಸಡಿಲ. ಆಮೇಲೆ ಪ್ರತಿ ಮುಖಕ್ಕೆ ಒಂದೇ ಓರೆ ಸರಳು ಹಾಕಿ ನೋಡಿದೆವು. ಒಂದು ಕಡೆಗೆ ಗಟ್ಟಿ, ಇನ್ನೊಂದು ಕಡೆಗೆ ತಳ್ಳಿದರೆ ಸರಳು ಜೋತು ಬೀಳುತ್ತಿತ್ತು. ಸರಳಿಗೆ ಎಳೆತ ಮಾತ್ರ ಗೊತ್ತು, ಒತ್ತಡ ಗೊತ್ತಿಲ್ಲ. ಹಾಗಾಗಿ ಜೋಡಿಯಾಗಿಯೇ ಬೇಕು. ಯಾವ ಕಡೆಯಿಂದ ಗಾಳಿ ಬಂದರೂ ಜೋಡಿಯಲ್ಲಿ ಒಂದು ಎಳೆದು ಹಿಡಿಯುತ್ತದೆ.

ಕೊನೆಗೆ ಮಾಡಿದ್ದು ಇದು. ಇದ್ದ ಸುತ್ತಿನ ಮೇಲೊಂದು, ಕೆಳಗೊಂದು ಹೊಸ ಸುತ್ತು, 40 ಎಂಎಂ ಆಂಗಲ್‌ನಲ್ಲಿ. ಆಗ 18 ಅಡಿ ನಾಲ್ಕು ಅಂಕಣವಾಯಿತು, ಒಂದೊಂದು ನಾಲ್ಕೂವರೆ ಅಡಿ. ಪ್ರತಿ ಅಂಕಣದ ನಾಲ್ಕೂ ಮುಖಕ್ಕೆ ಎರಡೆರಡು ಸರಳು, ನಡುವೆ ತಿರುಗಿಸಿ ಬಿಗಿ ಮಾಡುವ ಟರ್ನ್‌ಬಕಲ್. ಮಧ್ಯದ ಸುತ್ತಿನಲ್ಲಿ ಮೂಲೆಯಿಂದ ಮೂಲೆಗೆ ಒಂದು ಆಂಗಲ್, ಚೌಕ ತಿರುಚದ ಹಾಗೆ. ಸರಳು ನುಣುಪಿನದೇ ಆಗಬೇಕು. ಟಿಎಂಟಿಗೆ ಥ್ರೆಡ್ ಕೊರೆದರೆ ಅದರ ಗಟ್ಟಿ ಹೊರಪದರವೇ ಹೋಗುತ್ತದೆ.

ಸರಳು ಬಂದು ಸೇರುವ ಜಾಗದಲ್ಲೇ ಹೆಚ್ಚಿನವರು ಎಡವುವುದು. ಅದು ಕಾಲೂ ಸುತ್ತೂ ಕೂಡುವ ಗಂಟಿಗೇ ಬರಬೇಕು. ಅರ್ಧ ಅಡಿ ಕೆಳಗೆ ಕಾಲಿಗೆ ನೇರವಾಗಿ ಬೆಸುಗೆ ಹಾಕಿದರೆ, ಎಳೆದಾಗ ಕಾಲೇ ಬಾಗುತ್ತದೆ. ನಾನು ಗಂಟಿಗೆ 8 ಎಂಎಂ ಪ್ಲೇಟ್ ಇಟ್ಟು ಅದಕ್ಕೆ ಸರಳು ಹಿಡಿಸಿದೆ. 32 ಟರ್ನ್‌ಬಕಲ್‌ಗಳನ್ನು ಯಾವ ಸಾಲಿನಲ್ಲಿ ಬಿಗಿ ಮಾಡುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಹೊಟ್ಟೆಪಾಡು ನೋಡಿ. ಒಂದೇ ಕಡೆ ಬಿಗಿ ಮಾಡುತ್ತಾ ಹೋದರೆ ಸ್ಟ್ಯಾಂಡೇ ಸೊಟ್ಟಗಾಗುತ್ತದೆ ಎಂದಷ್ಟು ಹೇಳುತ್ತೇನೆ.

ಅಳೆಯಲು ಅಟ್ಟದಿಂದ ತೂಗುಗುಂಡು ಇಳಿಬಿಟ್ಟು ಕೆಳಗೆ ರಟ್ಟು ಇಟ್ಟಿದ್ದೆ. ಮೊದಲು ಟ್ಯಾಂಕ್ ತುಂಬಿದ್ದಾಗ ಇಬ್ಬರು ನಿಂತು ತಳ್ಳಿದರೆ ಗುಂಡು ಒಂದೂವರೆ ಇಂಚು ಆಚೀಚೆ ಹೋಗುತ್ತಿತ್ತು. ಕೆಲಸ ಮುಗಿದ ಮೇಲೆ ಎರಡು ದಾರದ ದಪ್ಪ ಇರಬಹುದು. ಯಜಮಾನರು ತಾವೇ ಬಂದು ತಳ್ಳಿ ನೋಡಿದರು.

ಇನ್ನೊಂದು ತೊಂದರೆ ಬುಡದಲ್ಲಿತ್ತು. ನಮ್ಮ ಕಡೆ ಅಂಗಳ ಎಂದರೆ ಗುಡ್ಡ ಕಡಿದು ಆ ಮಣ್ಣನ್ನೇ ಕೆಳಗೆ ತುಂಬಿದ್ದು. ಮೇಲಿನ ಎರಡು ಕಾಲು ಕಡಿದ ಗಟ್ಟಿ ನೆಲದ ಮೇಲೆ, ಕೆಳಗಿನ ಎರಡು ತುಂಬಿದ ಮಣ್ಣಿನ ಮೇಲೆ. ಟ್ಯಾಂಕ್ ಖಾಲಿ ಮಾಡಿ ಬುಡದ ಪ್ಲೇಟಿನ ಅಡಿಗೆ ಹ್ಯಾಕ್ಸಾ ಬ್ಲೇಡ್ ತೂರಿಸಿದೆ. ಕೆಳಗಿನ ಒಂದು ಕಾಲಿನ ಕೆಳಗೆ ಸಲೀಸಾಗಿ ಹೋಯಿತು. ಕಾಂಕ್ರೀಟು ಕುಸಿದು ಕಾಲು ಗಾಳಿಯಲ್ಲಿತ್ತು. ಹೀಗಾದರೆ ಅದರ ಎದುರು ಮೂಲೆಯ ಕಾಲೂ ಭಾರ ಬಿಡುತ್ತದೆ. ಇಡೀ ತೂಕ ಉಳಿದ ಎರಡರ ಮೇಲೆ, ಒಂದೊಂದಕ್ಕೆ ಟನ್ ಮೇಲೆ. ಟ್ಯಾಂಕ್ ಖಾಲಿ ಇರುವಾಗಲೇ ಪ್ಲೇಟ್ ತುಂಡು ಕೊಟ್ಟು, ಗ್ರೌಟ್ ತುಂಬಿದೆವು.

ಅಲ್ಲೇ ನೋಡಿದ್ದು, ಬೋಲ್ಟುಗಳಿಗೆ ನಟ್ಟೇ ಉಳಿದಿರಲಿಲ್ಲ. ಓವರ್‌ಫ್ಲೋ ನೀರು ವರ್ಷಗಟ್ಟಲೆ ಒಂದೇ ಕಾಲಿನ ಮೇಲೆ ತೊಟ್ಟಿಕ್ಕಿ ಎಲ್ಲ ತುಕ್ಕು ತಿಂದಿತ್ತು. "ಎರಡು ಟನ್ ಕೂತಿರುವಾಗ ಬೋಲ್ಟ್ ಯಾಕೆ?" ಎನ್ನುವವರು ಇದ್ದಾರೆ. ಜೋರು ಮಳೆಯ ಕಕ್ಕಡ ತಿಂಗಳಲ್ಲಿ ಕರೆಂಟ್ ದಿನಗಟ್ಟಲೆ ಇರುವುದಿಲ್ಲ, ಟ್ಯಾಂಕ್ ಖಾಲಿ. ಗಾಳಿ ಜೋರಾಗಿ ಹೊಡೆದರೆ ಆ ಟ್ಯಾಂಕಿನ ಮೇಲೆ ನೂರು ಕೆಜಿ ದಾಟಿ ತಳ್ಳು ಬರುತ್ತದೆ. ಟ್ಯಾಂಕಿನ ನಡುಮಟ್ಟ, ಅಂದರೆ 20 ಅಡಿ ಎತ್ತರದಿಂದ ತಳ್ಳಿದಾಗ ಗಾಳಿ ಕಡೆಯ ಒಂದೊಂದು ಕಾಲೂ ನೂರೈವತ್ತು ಕೆಜಿಯಷ್ಟು ಮೇಲಕ್ಕೆ ಎಳೆಯುತ್ತದೆ. ತುಂಬಿದ ಟ್ಯಾಂಕಿಗೆ ಬುಡ ಒತ್ತು ಕೊಡಬೇಕು, ಖಾಲಿ ಟ್ಯಾಂಕಿಗೆ ಬುಡ ಹಿಡಿದಿಡಬೇಕು. ಒಂದು ಘನ ಅಡಿ ಕಾಂಕ್ರೀಟು 70 ಕೆಜಿ ಹತ್ತಿರ. ಹಾಗಾಗಿ ಕಾಲಿಗೊಂದರಂತೆ ಎರಡು ಅಡಿ ಉದ್ದ, ಅಗಲ, ಆಳದ ಗುಂಡಿ ತುಂಬಿದರೆ ಧಾರಾಳ ಸಾಕು. ಬೋಲ್ಟ್ ಅದಕ್ಕೆ ಗಟ್ಟಿ ಕೂತಿರಬೇಕು ಅಷ್ಟೆ.

ಖರ್ಚು ನೆನಪಿನಿಂದ ಹೇಳುವುದಾದರೆ, ಕಬ್ಬಿಣ 110 ಕೆಜಿ ಆಸುಪಾಸು, ಎಂಟು ಒಂಬತ್ತು ಸಾವಿರ. ಟರ್ನ್‌ಬಕಲ್ ಐದು ಸಾವಿರ. ಕೂಲಿ, ಗ್ರೌಟ್, ಬಣ್ಣ ಎಲ್ಲ ಸೇರಿ ಒಟ್ಟು 25 ಸಾವಿರದೊಳಗೆ ಮುಗಿಯಿತು. ವರ್ಷಕ್ಕೊಮ್ಮೆ, ಮೇ ತಿಂಗಳಲ್ಲಿ, ಸರಳುಗಳನ್ನು ಸ್ಪ್ಯಾನರ್‌ನಿಂದ ತಟ್ಟಿ ನೋಡುತ್ತೇನೆ. ಸಡಿಲವಿದ್ದದ್ದು ಸಪ್ಪೆಯಾಗಿ ಕೇಳುತ್ತದೆ. ಮೊದಲ ವರ್ಷ ನಾಲ್ಕೈದು ಬಿಗಿ ಮಾಡಬೇಕಾಯಿತು, ಆಮೇಲೆ ಇಲ್ಲ.

ಈಗ ಯಜಮಾನರಿಗೆ ಧೈರ್ಯ ಬಂದು, ಅದೇ ಸ್ಟ್ಯಾಂಡಿನ ಮೇಲೆ 3000 ಲೀಟರ್ ಕೂರಿಸು ಎನ್ನುತ್ತಿದ್ದಾರೆ. ಕಾಲು ತಡೆಯುತ್ತದೆ, ಕ್ರಾಸೂ ತಡೆಯುತ್ತದೆ. ತುಂಬಿದ ಮಣ್ಣಿನ ಮೇಲಿನ ಆ ಎರಡು ಬುಡವನ್ನು ಗಟ್ಟಿ ನೆಲದವರೆಗೆ ಇಳಿಸಿ ಹೊಸದಾಗಿ ಹಾಕುವವರೆಗೆ ಆಗಲ್ಲ ಎಂದಿದ್ದೇನೆ.