ಪ್ಲಾಟ್‌ಫಾರಂ ಸಿಕ್ಕಿತು, ನಮ್ಮ ಬೋಗಿ ಎಲ್ಲಿ?

ಹೋದ ತಿಂಗಳು ಚಿಕ್ಕಮ್ಮನನ್ನು ದಾವಣಗೆರೆ ರೈಲು ಹತ್ತಿಸಲು ಬೆಂಗಳೂರಿನ ಸಿಟಿ ಸ್ಟೇಷನ್‌ಗೆ ಹೋಗಿದ್ದೆ. ಈಗ ಅದು ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ನಿಲ್ದಾಣ. ರಾತ್ರಿಯ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್, ಬೋಗಿ S7. ಚಿಕ್ಕಮ್ಮನಿಗೆ ಮಂಡಿನೋವು. ಜೊತೆಗೆ ಎರಡು ಬ್ಯಾಗು, ಒಂದು ಹಪ್ಪಳದ ಡಬ್ಬ. ತಪ್ಪು ಕಡೆ ನಡೆದು ವಾಪಸ್ ಬರುವಷ್ಟು ಶಕ್ತಿ ಅವರಿಗಿಲ್ಲ. ಅದಕ್ಕೇ ಪ್ರತಿ ಹೆಜ್ಜೆಯನ್ನೂ ಮೊದಲೇ ಲೆಕ್ಕ ಹಾಕಿಕೊಂಡೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹೆಸರಲ್ಲ, ನಂಬರ್ ನೋಡಿ

ಟಿಕೆಟ್ ಮೇಲಿನ 5 ಅಂಕಿಯ ಗಾಡಿ ನಂಬರನ್ನು ಮನೆಯಲ್ಲೇ ಕಾಗದದ ಮೇಲೆ ದೊಡ್ಡದಾಗಿ ಬರೆದಿಟ್ಟುಕೊಳ್ಳಿ. ಬೆಂಗಳೂರಿನಿಂದ ಹೊರಡುವ ರಾಣಿ ಚೆನ್ನಮ್ಮ 16589. ಆ ಕಡೆಯಿಂದ ಬರುವುದು 16590. ಹೆಸರು ಎರಡಕ್ಕೂ ಒಂದೇ. ಅರಸೀಕೆರೆಯಂಥ ನಡುವಿನ ಸ್ಟೇಷನ್‌ನಲ್ಲಿ ಹತ್ತುವವರು ಹೆಸರು ನೋಡಿ ಸಾಕು ಅಂದುಕೊಂಡರೆ ಉಲ್ಟಾ ದಿಕ್ಕಿನ ಗಾಡಿ ಹತ್ತಿಬಿಡಬಹುದು. ಕೊನೆಯ ಅಂಕಿಯನ್ನು ಎರಡು ಸಲ ಓದಿ.

ಮುಖ್ಯ ದ್ವಾರದ ದೊಡ್ಡ ಬೋರ್ಡಿನಲ್ಲಿ ಗಾಡಿ ನಂಬರ್, ಹೆಸರು, ಸಮಯ, ಪ್ಲಾಟ್‌ಫಾರಂ ಒಂದೇ ಸಾಲಿನಲ್ಲಿ ಇರುತ್ತವೆ. ಬೋರ್ಡು ಕನ್ನಡ, ಹಿಂದಿ, ಇಂಗ್ಲಿಷಿಗೆ ತಿರುಗುತ್ತಾ ಇರುತ್ತದೆ. ನಮ್ಮ ಸಾಲು ಕಾಣಲಿಲ್ಲ ಅಂತ ಗಾಬರಿಯಾಗಬೇಡಿ. ಒಂದು ನಿಮಿಷ ಅಲ್ಲೇ ನಿಂತರೆ ಮತ್ತೆ ಬರುತ್ತದೆ. A ಅಂದರೆ ಬರುವ ಗಾಡಿ, D ಅಂದರೆ ಹೊರಡುವ ಗಾಡಿ, PF ಅಂದರೆ ಪ್ಲಾಟ್‌ಫಾರಂ. PF ಜಾಗ ಖಾಲಿ ಇದ್ದರೆ ಇನ್ನೂ ಗೊತ್ತಾಗಿಲ್ಲ ಎಂದರ್ಥ. ಆಗ "ದಿನಾ ಇಲ್ಲೇ ಬರುತ್ತೆ" ಎನ್ನುವವರ ಮಾತು ಕೇಳಿ ಮೆಟ್ಟಿಲು ಇಳಿಯಬೇಡಿ. ಮೇಲ್ಸೇತುವೆಯ ಹತ್ತಿರವೇ ಕಾಯಿರಿ. ಅಲ್ಲಿಂದ ಯಾವ ಕಡೆಗಾದರೂ ಇಳಿಯಬಹುದು.

ಸಿಟಿ ಸ್ಟೇಷನ್‌ನಲ್ಲಿ 10 ಪ್ಲಾಟ್‌ಫಾರಂಗಳಿವೆ. ಬಸ್ ಸ್ಟ್ಯಾಂಡ್ ಎದುರಿನ ಮುಖ್ಯ ದ್ವಾರದ ಪಕ್ಕ 1ನೆಯದು. 10ನೆಯದು ಹಿಂದಿನ ದ್ವಾರದ ಕಡೆ. ಗಾಡಿ ಆ ತುದಿಗೆ ಬರುತ್ತದೆ ಅಂತ ಮೊದಲೇ ತಿಳಿದರೆ ಆಟೊದವರಿಗೆ ಹಿಂದಿನ ಗೇಟಿಗೇ ಬಿಡಲು ಹೇಳಿ. ಮಂಡಿನೋವಿನವರಿಗೆ ಅಷ್ಟು ಮೆಟ್ಟಿಲು ಉಳಿಯಿತಲ್ವಾ.

ಪ್ರಕಟಣೆಯಲ್ಲಿ ಏನು ಹಿಡಿಯಬೇಕು

ಪ್ರಕಟಣೆಯನ್ನು ಪೂರ್ತಿ ಅರ್ಥ ಮಾಡಿಕೊಳ್ಳಲು ಹೋದರೆ ಗದ್ದಲದಲ್ಲಿ ಏನೂ ಸಿಗುವುದಿಲ್ಲ. ಗಾಡಿ ನಂಬರನ್ನು ಒಂದೊಂದೇ ಅಂಕಿಯಾಗಿ ಓದುತ್ತಾರೆ. ಕೊನೆಯ ಎರಡು ಅಂಕಿಗೆ ಕಿವಿ ಕೊಡಿ. ನಮಗೆ "ಎಂಟು, ಒಂಬತ್ತು". ಅದು ಕಿವಿಗೆ ಬಿತ್ತು ಅಂದರೆ ಮಾತು ನಿಲ್ಲಿಸಿ ಪ್ಲಾಟ್‌ಫಾರಂ ನಂಬರಿಗೆ ಕಾಯಿರಿ. ಕನ್ನಡದಲ್ಲಿ ತಪ್ಪಿದರೆ ಹಿಂದಿ, ಇಂಗ್ಲಿಷಿನಲ್ಲಿ ಇನ್ನೂ ಎರಡು ಅವಕಾಶ ಇರುತ್ತದೆ.

ಎಡವುವುದು ಪ್ಲಾಟ್‌ಫಾರಂ ಬದಲಾದಾಗ. ಆಗ ಎರಡು ನಂಬರ್ ಕೇಳಿಸುತ್ತವೆ. ಕನ್ನಡದಲ್ಲಿ "5ರ ಬದಲಿಗೆ 7ಕ್ಕೆ" ಎನ್ನುತ್ತೇವೆ. ಹಳೆಯದು ಮೊದಲು, ಹೊಸದು ಆಮೇಲೆ. ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಹೊಸದು ಮೊದಲು ಬರುತ್ತದೆ, ಹಳೆಯದು ಕೊನೆಗೆ. ಅರ್ಧ ಕನ್ನಡ, ಅರ್ಧ ಇಂಗ್ಲಿಷ್ ಕೇಳಿಸಿಕೊಂಡವರು 5ರಲ್ಲೇ ಉಳಿದುಬಿಡುತ್ತಾರೆ. ಒಮ್ಮೆ ನಾನೂ ಹಾಗೆ ಉಳಿದಿದ್ದೆ. ಪಕ್ಕದವರೆಲ್ಲ ಗಂಟುಮೂಟೆ ಎತ್ತಿಕೊಂಡು ಓಡಿದ ಮೇಲೇ ಗೊತ್ತಾಗಿದ್ದು. ಅನುಮಾನ ಬಂದರೆ ನೀವು ನಿಂತ ಪ್ಲಾಟ್‌ಫಾರಂನ ಬೋರ್ಡು ನೋಡಿ. ಅಲ್ಲಿ ನಿಮ್ಮ ಗಾಡಿ ನಂಬರ್ ಹೋಗಿ ಬೇರೆಯದು ಬಂದಿದ್ದರೆ ಬದಲಾಗಿದೆ ಎಂದೇ ಲೆಕ್ಕ.

ಎಂಜಿನ್ ಯಾವ ಕಡೆ?

ಪ್ಲಾಟ್‌ಫಾರಂ ಗೊತ್ತಾಯಿತು ಅಂದರೆ ಅರ್ಧ ದಾರಿ ಮುಗಿಯಿತು, ಅಷ್ಟೇ. ಎಲ್‌ಎಚ್‌ಬಿ ಎನ್ನುವ ಈಗಿನ ಹೊಸ ಮಾದರಿಯ ಬೋಗಿ ಒಂದೊಂದೂ ಹತ್ತಿರ ಹತ್ತಿರ 24 ಮೀಟರ್ ಉದ್ದ. 22 ಬೋಗಿಯ ಗಾಡಿ ಅಂದರೆ ಅರ್ಧ ಕಿಲೋಮೀಟರಿಗೂ ಜಾಸ್ತಿ. 10 ಬೋಗಿ ಆಚೆ ನಿಂತಿದ್ದರೆ 240 ಮೀಟರ್ ನಡೆಯಬೇಕು. ಗಾಡಿ 2 ನಿಮಿಷ ಮಾತ್ರ ನಿಲ್ಲುವ ಊರಿನಲ್ಲಿ ಲಗೇಜು ಹಿಡಿದು ಅದು ಆಗುವ ಮಾತಲ್ಲ. ಹುಬ್ಬಳ್ಳಿಯಲ್ಲಂತೂ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಪ್ಲಾಟ್‌ಫಾರಂ 1,507 ಮೀಟರ್ ಇದೆ. ಅಲ್ಲಿ ಪ್ಲಾಟ್‌ಫಾರಂ ನಂಬರ್ ಒಂದೇ ಗೊತ್ತಿದ್ದರೆ ಸಾಲದು.

ಬೋಗಿಗಳ ಸಾಲನ್ನು ರೈಲ್ವೆಯ NTES ಆ್ಯಪ್‌ನಲ್ಲಿ ನೋಡಬಹುದು. ಸಾಲು ENG ಅಂದರೆ ಎಂಜಿನ್‌ನಿಂದ ಶುರುವಾಗುತ್ತದೆ. S ಸ್ಲೀಪರ್, B ಮೂರು ಹಂತದ ಎಸಿ, A ಎರಡು ಹಂತದ ಎಸಿ, H ಫಸ್ಟ್ ಎಸಿ. ಆ ದಿನ ಎಂಜಿನ್‌ನಿಂದ ಎಣಿಸಿದಾಗ ನಮ್ಮ S7 10ನೆಯದಾಗಿತ್ತು. S1ರಿಂದಲೇ ಏರುತ್ತಾ ಹೋಗಬೇಕು ಅಂತೇನಿಲ್ಲ, ಇಳಿಯುತ್ತಲೂ ಬರಬಹುದು. ಊಹೆ ಮಾಡದೆ ಎಣಿಸಿ.

ಈಗ ಎಂಜಿನ್ ಯಾವ ತುದಿಗೆ ಇರುತ್ತದೆ ಅಂತ ತಿಳಿಯಬೇಕು. ಗಾಡಿ ಬಂದ ದಿಕ್ಕು ನೋಡಬೇಡಿ, ಹೊರಡುವ ದಿಕ್ಕು ನೋಡಿ. ಹೊರಡುವ ಸ್ಟೇಷನ್‌ನಲ್ಲಿ ಖಾಲಿ ಬೋಗಿಗಳನ್ನು ಹಿಂದಕ್ಕೆ ತಳ್ಳಿಕೊಂಡು ಬರುವುದುಂಟು. ಎಂಜಿನ್ ಆಮೇಲೆ ಮುಂದಿನ ತುದಿಗೆ ಸೇರುತ್ತದೆ. ಸಿಟಿ ಸ್ಟೇಷನ್‌ನ ಮುಖ್ಯ ದ್ವಾರದಿಂದ ಬಂದು 1ನೇ ಪ್ಲಾಟ್‌ಫಾರಂನಲ್ಲಿ ಹಳಿಗೆ ಮುಖ ಮಾಡಿ ನಿಲ್ಲಿ. ಬಲಗಡೆ ಯಶವಂತಪುರ, ಕಂಟೋನ್ಮೆಂಟ್ ದಾರಿ. ಎಡಗಡೆ ಮೈಸೂರು ದಾರಿ. ರಾಣಿ ಚೆನ್ನಮ್ಮ ತುಮಕೂರು ಕಡೆ ಹೋಗುವ ಗಾಡಿ, ಹಾಗಾಗಿ ಎಂಜಿನ್ ಬಲ ತುದಿಗೆ. 10ನೇ ಬೋಗಿ ಗಾಡಿಯ ನಡುಭಾಗಕ್ಕೆ ಬಂತು. ಮೇಲ್ಸೇತುವೆ ಇಳಿದು ಚಿಕ್ಕಮ್ಮನನ್ನು ನಡುಭಾಗದ ಬೆಂಚಿನ ಮೇಲೆ ಕೂರಿಸಿದೆ.

ಕೆಲವು ಗಾಡಿಗಳು ದಾರಿಯಲ್ಲಿ ದಿಕ್ಕು ಬದಲಿಸುತ್ತವೆ. ಮಂಗಳೂರು ಸೆಂಟ್ರಲ್ ಕೊನೆಯ ಸ್ಟೇಷನ್, ಹಳಿ ಅಲ್ಲೇ ಮುಗಿಯುತ್ತದೆ. ಅಲ್ಲಿಗೆ ಬಂದು ಮುಂದೆ ಹೋಗಬೇಕಾದ ಗಾಡಿಗೆ ಎಂಜಿನ್ ಇನ್ನೊಂದು ತುದಿಗೆ ಸೇರುತ್ತದೆ. ಹತ್ತಿದ ಊರಿನಲ್ಲಿ ಮುಂದಿದ್ದ ಬೋಗಿ ಇಳಿಯುವ ಊರಿನಲ್ಲಿ ಹಿಂದೆ ಇರುತ್ತದೆ. ಕರೆದೊಯ್ಯಲು ಬರುವವರಿಗೆ ಇದನ್ನು ಫೋನಿನಲ್ಲಿ ಹೇಳಿ.

ತಲೆಯ ಮೇಲಿನ ಚಿಕ್ಕ ಬೋರ್ಡು

ದೊಡ್ಡ ಸ್ಟೇಷನ್‌ಗಳಲ್ಲಿ ಪ್ಲಾಟ್‌ಫಾರಂ ಉದ್ದಕ್ಕೂ ಚಿಕ್ಕ ಡಿಜಿಟಲ್ ಬೋರ್ಡುಗಳು ತೂಗುತ್ತಿರುತ್ತವೆ. ಗಾಡಿ ಬರುವ ಹೊತ್ತಿಗೆ ಅವುಗಳಲ್ಲಿ ಗಾಡಿ ನಂಬರ್ ಮತ್ತು ಬೋಗಿಯ ಗುರುತು ಬರುತ್ತವೆ. ಮೊದಲು ಗಾಡಿ ನಂಬರ್ ನಿಮ್ಮದೇನಾ ನೋಡಿ, ಆಮೇಲೆ S7 ನೋಡಿ. ಹಿಂದಿನ ಗಾಡಿಯ ಗುರುತು ಇನ್ನೂ ಅಳಿಸಿರದೆ ಇರಬಹುದು. ಆ್ಯಪ್ ಒಂದು ಹೇಳಿ ಈ ಬೋರ್ಡು ಇನ್ನೊಂದು ಹೇಳಿದರೆ ನಾನು ಬೋರ್ಡನ್ನು ನಂಬುತ್ತೇನೆ. ಆ ದಿನ ಒಂದು ಬೋಗಿ ಜಾಸ್ತಿ ಸೇರಿಸಿದ್ದರೂ ಎಣಿಕೆ ಬದಲಾಗುತ್ತದೆ. ಬೋರ್ಡು ಆರಿಹೋಗಿದ್ದರೆ ಆ್ಯಪ್‌ನ ಎಣಿಕೆಯೇ ಗತಿ.

ನಮಗೆ ಬೋರ್ಡಿನಲ್ಲಿ S7 ಎರಡು ಕಂಬದ ಆಚೆ ಕಂಡಿತು. ನಿಧಾನಕ್ಕೆ ಅಲ್ಲಿಗೆ ಹೋದೆವು. ಗಾಡಿ ಬಂದಾಗ ಚಿಕ್ಕಮ್ಮ ಬೋಗಿಯ ಮೈಮೇಲಿನ ದೊಡ್ಡ ಅಂಕಿ ತೋರಿಸಿ "ಇದು ನಮ್ಮದಲ್ಲ ಕಣೋ" ಅಂದರು. ಅದು ಬೋಗಿಯ ಸ್ವಂತ ನಂಬರ್. ಅದರ ಮೊದಲ ಎರಡು ಅಂಕಿ ಅದು ತಯಾರಾದ ವರ್ಷ. ನಮಗೆ ಬೇಕಾದದ್ದು ಬಾಗಿಲ ಹತ್ತಿರದ S7 ಗುರುತು. ಪಕ್ಕದಲ್ಲೇ ಗಾಡಿಯ ಹೆಸರು, ಹೋಗುವ ಊರು ಬರೆದ ಫಲಕವೂ ಇರುತ್ತದೆ.

ಇಷ್ಟಾದರೂ ಗಾಡಿ ಹೊರಡುವ ಹೊತ್ತಿಗೆ ದೂರದಲ್ಲೇ ಉಳಿದರೆ ಪ್ಲಾಟ್‌ಫಾರಂನಲ್ಲಿ ಓಡಬೇಡಿ. ಗಾಡಿ ಅಲುಗಾಡುವ ಮೊದಲೇ ಎದುರಿಗಿರುವ ಸ್ಲೀಪರ್ ಬೋಗಿ ಹತ್ತಿ ಒಳಗಿನಿಂದ ನಡೆದು ಹೋಗಿ. ಜನರಲ್ ಬೋಗಿ ಮಾತ್ರ ಬೇಡ. ಅಲ್ಲಿಂದ ರಿಸರ್ವೇಶನ್ ಬೋಗಿಗೆ ಸಾಮಾನ್ಯವಾಗಿ ದಾರಿ ಇರುವುದಿಲ್ಲ. ಎಸಿ ಮತ್ತು ಸ್ಲೀಪರ್ ನಡುವಿನ ಬಾಗಿಲನ್ನೂ ರಾತ್ರಿ ಮುಚ್ಚಿರಬಹುದು. ಮುಚ್ಚಿದ್ದರೆ ಟಿಟಿಇ ಬರುವವರೆಗೆ ಅಲ್ಲೇ ಕಾಯಿರಿ, ಇಲ್ಲವೇ ಮುಂದಿನ ಸ್ಟೇಷನ್‌ನಲ್ಲಿ ಇಳಿದು ಬೋಗಿ ಬದಲಿಸಿ.