ಮಾರ್ಚ್ 31ರ ಡಾಲರ್ ಬಾಕಿ: ನಾನು ಎಡವಿದ ಲೆಕ್ಕ

ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದಾಗ ನಡೆದದ್ದು. ವರ್ಷದ ಕೊನೆಗೆ ಎಕ್ಸೆಲ್‌ನಲ್ಲಿ ಡಾಲರ್ ಇದ್ದ ಸಾಲುಗಳನ್ನೆಲ್ಲ ಒಂದೇ ಕಡೆ ಹಾಕಿದೆ. ಪಕ್ಕದಲ್ಲಿ ಮಾರ್ಚ್ 31ರ ದರದಿಂದ ಗುಣಿಸುವ ಫಾರ್ಮುಲಾ ಬರೆದು, ಕೆಳಗಿನವರೆಗೂ ಎಳೆದುಬಿಟ್ಟೆ. ಎರಡೇ ನಿಮಿಷದ ಕೆಲಸ. ಆಡಿಟರ್ ಬಂದು ಒಂದು ಸಾಲಿನ ಮೇಲೆ ಬೆರಳಿಟ್ಟರು. "ಏನ್ರೀ, ಈ ಅಡ್ವಾನ್ಸ್ ನಿಮಗೆ ವಾಪಸ್ ಡಾಲರ್‌ನಲ್ಲಿ ಬರುತ್ತಾ?"

ಬರೋದಿಲ್ಲ. ಬರೋದು ಸರಕು. ಅಲ್ಲಿಗೆ ನನ್ನ ಫಾರ್ಮುಲಾ ಕೆಟ್ಟಿತು.

ಈಗ ಸಂಜೆ ಹೊತ್ತು ಬಿ.ಕಾಂ ಹುಡುಗರಿಗೆ ಪಾಠ ಮಾಡುತ್ತೇನೆ. ಅದೇ ಲೆಕ್ಕವನ್ನು ಕೊಡುತ್ತೇನೆ. ಫೆಬ್ರವರಿ 10ಕ್ಕೆ 10,000 ಡಾಲರ್‌ನ ಕಚ್ಚಾ ಮಾಲು ಸಾಲಕ್ಕೆ ಬಂತು, ಆ ದಿನದ ದರ 82 ರೂಪಾಯಿ. ಮಾರ್ಚ್ 5ಕ್ಕೆ ಇನ್ನೊಂದು ಆರ್ಡರ್‌ಗೆ 3,000 ಡಾಲರ್ ಅಡ್ವಾನ್ಸ್ ಕಳಿಸಿದೆವು, ದರ 82.60. ಆ ಮಾಲು ಇನ್ನೂ ಬಂದಿಲ್ಲ. ಮಾರ್ಚ್ 31ರ ದರ 83.50. ಫೆಬ್ರವರಿಯ ಮಾಲಿನಲ್ಲಿ ಅರ್ಧ ಇನ್ನೂ ಗೋಡೌನಿನಲ್ಲಿದೆ.

ಮೊದಲು ಲೆಕ್ಕ ಮಾಡಬಾರದು, ವಿಂಗಡಿಸಬೇಕು. ಪ್ರತಿ ಸಾಲಿಗೂ ಒಂದೇ ಪ್ರಶ್ನೆ: ಇದು ಮುಂದೆ ಎಣಿಸಿದ ಡಾಲರ್ ಆಗಿ ಕೊಡುವುದಾ ಅಥವಾ ಬರುವುದಾ? ಹೌದಾದರೆ ಅದು ಮಾನಿಟರಿ ಐಟಂ. ಮಾರಿದವರಿಗೆ ಕೊಡಬೇಕಾದ ಬಾಕಿ, ಗಿರಾಕಿಯಿಂದ ಬರಬೇಕಾದ ಬಾಕಿ, ವಿದೇಶಿ ಸಾಲ, ಡಾಲರ್ ಖಾತೆಯ ಹಣ ಎಲ್ಲ ಇದೇ ಗುಂಪು. ಇವನ್ನು ಮಾತ್ರ ವರ್ಷದ ಕೊನೆಯ ದಿನದ ದರಕ್ಕೆ ತರಬೇಕು. ವಿದೇಶಿ ಹಣದ ಲೆಕ್ಕಕ್ಕಿರುವ ಅಕೌಂಟಿಂಗ್ ಸ್ಟ್ಯಾಂಡರ್ಡ್ ಎಎಸ್ 11 ಹೇಳುವುದೂ ಇದನ್ನೇ.

ಮಾರಿದವರಿಗೆ ಕೊಡಬೇಕಾದ ಬಾಕಿಯ ಲೆಕ್ಕ ನೋಡಿ. ಫೆಬ್ರವರಿಯಲ್ಲಿ ಖರೀದಿ 8,20,000, ಮಾರಿದವರ ಖಾತೆಗೂ ಅಷ್ಟೇ. ಮಾರ್ಚ್ 31ಕ್ಕೆ ಅದೇ 10,000 ಡಾಲರ್ 8,35,000 ಆಯಿತು. ಕೊಡಬೇಕಾದದ್ದು ಜಾಸ್ತಿ ಆಯಿತು, ಅಂದರೆ 15,000 ನಷ್ಟ. ಎಕ್ಸ್‌ಚೇಂಜ್ ಡಿಫರೆನ್ಸ್ ಖಾತೆ ಡೆಬಿಟ್, ಮಾರಿದವರ ಖಾತೆ ಕ್ರೆಡಿಟ್. ಈ 15,000 ನೇರವಾಗಿ ಲಾಭ-ನಷ್ಟ ಖಾತೆಗೆ ಹೋಗುತ್ತದೆ. ಖರೀದಿ 8,20,000ದಲ್ಲೇ ಇರುತ್ತದೆ, ಅದನ್ನು ಮುಟ್ಟುವ ಹಾಗಿಲ್ಲ.

ಹುಡುಗರು ಜಾರುವುದು ಗೋಡೌನಿನ ಸರಕಿನಲ್ಲಿ. "ಸರ್, ಅದನ್ನೂ ಡಾಲರ್‌ನಲ್ಲೇ ತಗೊಂಡಿದ್ದಲ್ವಾ?" ಅಂತ 4,17,500 ಬರೆದುಬಿಡುತ್ತಾರೆ. ತಗೊಂಡಿದ್ದು ಡಾಲರ್‌ನಲ್ಲಿ, ನಿಜ. ಆದರೆ ಈಗ ಅಲ್ಲಿ ಬಿದ್ದಿರುವುದು ಕಬ್ಬಿಣ. ಅದರ ಕೊಂಡ ಬೆಲೆ 4,10,000ವೇ. ಅಡ್ವಾನ್ಸ್ ಕಥೆಯೂ ಹಾಗೇ: ಅದು 2,47,800ರಲ್ಲೇ ನಿಲ್ಲುತ್ತದೆ. ನಾನು ಅಂದು ಅದನ್ನು 83.50ಕ್ಕೆ ಏರಿಸಿ, 2,700 ಇಲ್ಲದ ಲಾಭ ತೋರಿಸಿದ್ದೆ.

ಎರಡನೇ ಗುಂಡಿ ಏಪ್ರಿಲ್‌ನಲ್ಲಿ. ಏಪ್ರಿಲ್ 20ಕ್ಕೆ ಬಾಕಿ ತೀರಿಸಿದೆವು, ದರ 83.20, ಕೊಟ್ಟದ್ದು 8,32,000. ಇದರಲ್ಲಿ ಎಷ್ಟು ನಷ್ಟ? ತುಂಬಾ ಜನ ಫೆಬ್ರವರಿಯ 82ರಿಂದ ಶುರು ಮಾಡಿ 12,000 ನಷ್ಟ ಅನ್ನುತ್ತಾರೆ. ಆದರೆ ಮಾರ್ಚ್‌ನಲ್ಲೇ 15,000 ಬರೆದಾಗಿದೆಯಲ್ಲ. ಹೊಸ ವರ್ಷದಲ್ಲಿ ಎಣಿಕೆ ಶುರುವಾಗುವುದು 83.50ರಿಂದ. ಪುಸ್ತಕದಲ್ಲಿದ್ದದ್ದು 8,35,000, ಕೊಟ್ಟದ್ದು 8,32,000, ಹಾಗಾಗಿ 3,000 ಲಾಭ. ಎರಡೂ ವರ್ಷ ಸೇರಿದರೆ ನಿವ್ವಳ ನಷ್ಟ 12,000. ಆದರೆ ಅದು ಯಾವ ವರ್ಷಕ್ಕೆ ಎಷ್ಟು ಅನ್ನುವುದರಲ್ಲೇ ಮಾರ್ಕ್ಸು ಇರುವುದು.

ತಪ್ಪಿದ್ದರೆ ಗೊತ್ತಾಗುವುದು ಮಾರಿದವರ ಖಾತೆಯಲ್ಲಿ. ಹಣ ಕೊಟ್ಟ ಮೇಲೆ ಅದು ಸೊನ್ನೆ ಆಗಬೇಕು. ಏಪ್ರಿಲ್‌ನಲ್ಲಿ 12,000 ನಷ್ಟ ಅಂತ ಹಾಕಿದವರ ಖಾತೆಯಲ್ಲಿ 15,000 ಕ್ರೆಡಿಟ್ ಬಾಕಿ ಸುಮ್ನೆ ನೇತಾಡುತ್ತದೆ. ಒಂದು ಡಾಲರೂ ಸಾಲ ಇಲ್ಲ, ರೂಪಾಯಿ ಮಾತ್ರ ಉಳಿದಿದೆ! ನಾನಂತೂ ಉತ್ತರದ ಕೊನೆಗೆ ಆ ಖಾತೆಯನ್ನು ಬರೆಯದೆ ಪೆನ್ನು ಕೆಳಗಿಡುವುದಿಲ್ಲ.

ಗಿರಾಕಿಯ ಬಾಕಿ ಇದ್ದರೆ ಲೆಕ್ಕ ಇದೇ, ದಿಕ್ಕು ಮಾತ್ರ ತಿರುಗುತ್ತದೆ. ಡಾಲರ್ ಏರಿದರೆ ಲಾಭ.

ಆಡಿಟರ್ ಅಂದು ಹೊರಡುವಾಗ ಇನ್ನೊಂದು ಮಾತು ಕೇಳಿದರು. "ಮಾರ್ಚ್ 31ರೊಳಗೇ ಆ ಆರ್ಡರ್ ಕ್ಯಾನ್ಸಲ್ ಆಗಿ, 3,000 ಡಾಲರ್ ವಾಪಸ್ ಕೊಡ್ತೀವಿ ಅಂತ ಅವರು ಒಪ್ಪಿದ್ದರೆ?" ಆಗ ಬರುವುದು ಸರಕಲ್ಲ, ಡಾಲರ್. ಅದೇ ಅಡ್ವಾನ್ಸ್ ಈಗ ಬರಬೇಕಾದ ಬಾಕಿ, ಅಂದರೆ ಮಾನಿಟರಿ ಐಟಂ. ಆಗ ಮಾತ್ರ ನನ್ನ ಆ 2,700 ಲಾಭ ಸರಿಯಾಗುತ್ತಿತ್ತು.