ದುಬೈ ಆಫರ್ ಲೆಟರ್ ಕನ್ನಡಕ್ಕೆ ತರುವಾಗ ಸಂಬಳದ ಗೊಂದಲ ಬಿಡಿಸಿದ ಬಗೆ

ಮಂಗಳೂರಿನಿಂದ ದುಬೈಗೆ ಹೊರಟ ನೌಕರರೊಬ್ಬರ ಆಫರ್ ಲೆಟರ್‌ನ ಕನ್ನಡ ಕರಡಿನಲ್ಲಿ ‘ತಿಂಗಳ ಸಂಬಳ 7,000 ದಿರ್ಹಂ’ ಎಂಬ ಒಂದೇ ಸಾಲಿತ್ತು. ಮನೆಯವರು ಗ್ರಾಚ್ಯುಟಿಯನ್ನೂ ಅದರ ಮೇಲೆಯೇ ಲೆಕ್ಕ ಹಾಕಿದ್ದರು. ಯುಎಇಯ ಕಾರ್ಮಿಕ ಕಾನೂನಿನಲ್ಲಿ ಗ್ರಾಚ್ಯುಟಿಗೆ ಆಧಾರ ಮೂಲ ವೇತನ ಮಾತ್ರ; ಭತ್ಯೆಗಳು ಸೇರುವುದಿಲ್ಲ.

ಹಾಗಾಗಿ ಸಾಲನ್ನು ಒಡೆದೆ: ಮೂಲ ವೇತನ 4,000, ಮನೆ ಬಾಡಿಗೆ ಭತ್ಯೆ 2,000, ಸಾರಿಗೆ ಭತ್ಯೆ 1,000. ಒಂದು ವರ್ಷ ಪೂರೈಸಿದವರಿಗೆ ಮೊದಲ 5 ವರ್ಷ, ವರ್ಷಕ್ಕೆ 21 ದಿನದ ಮೂಲ ವೇತನ ಸಿಗುತ್ತದೆ. 4,000ವನ್ನು 30ರಿಂದ ಭಾಗಿಸಿ 21ರಿಂದ ಗುಣಿಸಿದರೆ 2,800 ದಿರ್ಹಂ. ಮನೆಯವರ ಲೆಕ್ಕದಲ್ಲಿ ಅದು 4,900 ಆಗಿತ್ತು. ಅನುವಾದದಲ್ಲಿ ಮೂಲ ವೇತನಕ್ಕೆ ಬೇರೆ ಸಾಲು ಇರಲೇಬೇಕು ಎನ್ನುವುದು ಇದಕ್ಕೇ. (ದುಬೈನ ಹಣಕಾಸು ವಲಯವಾದ ಡಿಐಎಫ್‌ಸಿಯ ಕಂಪನಿಗಳಿಗೆ ಕಾನೂನೇ ಬೇರೆ.)

ನೋಟಿಸ್ ಅವಧಿಯನ್ನೂ ಎರಡಾಗಿ ಬರೆದೆ. ಕೆಲಸ ಕಾಯಂ ಆದ ಮೇಲೆ ಒಪ್ಪಂದದಲ್ಲಿರುವಂತೆ 30ರಿಂದ 90 ದಿನ. ಪ್ರೊಬೇಷನ್‌ನಲ್ಲಿ ಕಂಪನಿ ತೆಗೆದುಹಾಕುವುದಾದರೆ 14 ದಿನ. ನೌಕರ ದೇಶ ಬಿಟ್ಟು ಹೊರಡುವುದಾದರೂ 14 ದಿನ, ಅಲ್ಲೇ ಬೇರೆ ಕಂಪನಿ ಸೇರುವುದಾದರೆ ಕನಿಷ್ಠ ಒಂದು ತಿಂಗಳು.